ವಾಹಕದ ಇಕ್ಕೆಲಗಳು: ಸೈಡ್‌ಬ್ಯಾಂಡ್‌ಗಳ ಕಥೆ

ರೇಡಿಯೊ ಅಲೆಯ ಮೇಲೆ ಮಾತನ್ನು ಹೇರುವ ಮೊದಲ ಮಾರ್ಗ ಅತಿ ಸರಳವಾದದ್ದು. 1906ರ ಡಿಸೆಂಬರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಬ್ರ್ಯಾಂಟ್ ರಾಕ್‌ನಲ್ಲಿ ರೆಜಿನಾಲ್ಡ್ ಫೆಸ್ಸೆಂಡೆನ್ ಅದನ್ನು ಪ್ರದರ್ಶಿಸಿದ. ವೇಗವಾಗಿ ತಿರುಗುವ ಆಲ್ಟರ್ನೇಟರ್ ಒಂದೇ ಸಮನೆ ಅಲೆಯನ್ನು ಹುಟ್ಟಿಸುತ್ತಿತ್ತು. ಆ ಅಲೆ ಆಂಟೆನಾಕ್ಕೆ ಹೋಗುವ ದಾರಿಯಲ್ಲಿ ಇಂಗಾಲದ ಮೈಕ್ರೊಫೋನ್ ಕುಳಿತಿತ್ತು. ಅದರ ಮುಂದೆ ಮಾತನಾಡಿದಾಗ ಅಲೆಯ ಪಾರ, ಅಂದರೆ ಅದರ ಏರಿಳಿತದ ಎತ್ತರ, ದನಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತಿತ್ತು. ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸಬೇಕೆಂಬುದನ್ನು ಆಲ್ಟರ್ನೇಟರಿನ ವೇಗ ನಿರ್ಧರಿಸುತ್ತಿತ್ತು, ಮಾತಿನಿಂದ ಅದು ಬದಲಾಗುತ್ತಿರಲಿಲ್ಲ. ಹೀಗಾಗಿ ಆ ಕಾಲದ ಬಹುಪಾಲು ಎಂಜಿನಿಯರುಗಳು ಒಂದು ತೀರ್ಮಾನಕ್ಕೆ ಬಂದಿದ್ದರು: ವಾಹಕದ ಆವೃತ್ತಿ ಒಂದೇ, ಬದಲಾಗುವುದು ಅದರ ಎತ್ತರ ಮಾತ್ರ, ಆದ್ದರಿಂದ ಒಂದು ರೇಡಿಯೊ ನಿಲ್ದಾಣಕ್ಕೆ ಆವೃತ್ತಿಗಳ ಸಾಲಿನಲ್ಲಿ ಒಂದು ಬಿಂದುವಿನಷ್ಟು ಜಾಗ ಸಾಕು. ಈ ತೀರ್ಮಾನ ತಪ್ಪು. ಅದು ತಪ್ಪೆಂದು ಗೊತ್ತಾದ ಬಗೆ, ಆ ತಿಳಿವಳಿಕೆಯಿಂದ ಅಟ್ಲಾಂಟಿಕ್ ಸಾಗರದಾಚೆಗೆ ಮಾತು ತಲುಪಿದ ಬಗೆ, ಅಷ್ಟಾದ ಮೇಲೂ ಅದರ ವಿರುದ್ಧ ಎದ್ದ ತಕರಾರು, ಇವೆಲ್ಲ ಸೇರಿ ಸುಮಾರು ಐವತ್ತು ವರ್ಷಗಳ ಇತಿಹಾಸ.

ತಪ್ಪು ಎಲ್ಲಿತ್ತೆಂದು ತೋರಿಸಲು ಪ್ರೌಢಶಾಲೆಯ ತ್ರಿಕೋನಮಿತಿ ಸಾಕು. ಎರಡು ಕೊಸೈನ್‌ಗಳನ್ನು ಗುಣಿಸಿದರೆ ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಕೊಸೈನ್‌ಗಳು ಬರುತ್ತವೆ:

cos A · cos B = ½ cos(A − B) + ½ cos(A + B)

ವಾಹಕದ ಆವೃತ್ತಿ F, ಅದರ ಮೇಲೆ ಹೇರುವ ಸ್ವರದ ಆವೃತ್ತಿ f, ಹೇರಿಕೆಯ ಪ್ರಮಾಣ m ಎಂದಿರಲಿ. ಎತ್ತರ ಬದಲಾಗುತ್ತಿರುವ ಅಲೆಯನ್ನು ಹೀಗೆ ಬರೆಯಬಹುದು:

(1 + m cos 2πft) · cos 2πFt = cos 2πFt + (m/2) cos 2π(F − f)t + (m/2) cos 2π(F + f)t

ಎಡಗಡೆ ಇರುವುದು ಎತ್ತರ ಬದಲಾಯಿಸುತ್ತಿರುವ ಒಂದು ಅಲೆ. ಬಲಗಡೆ ಇರುವುದು ಎತ್ತರವನ್ನು ಸ್ವಲ್ಪವೂ ಬದಲಾಯಿಸದ ಮೂರು ಅಲೆಗಳು. ಎರಡೂ ಕಡೆ ಇರುವುದು ಒಂದೇ ವಸ್ತು. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರ 612 ಕಿಲೋಹರ್ಟ್ಸ್‌ನಲ್ಲಿದೆ. ಅದರ ಮೇಲೆ 1,000 ಹರ್ಟ್ಸ್‌ನ ಒಂದು ಸ್ವರವನ್ನು ಹೇರಿದರೆ ಆಂಟೆನಾದಿಂದ ಹೊರಡುವುದು 611, 612 ಮತ್ತು 613 ಕಿಲೋಹರ್ಟ್ಸ್‌ಗಳ ಮೂರು ಅಲೆಗಳು. ಸ್ವರದ ಬದಲು ಮಾತು ಬಂದರೆ, ಅಂದರೆ ಸುಮಾರು 300ರಿಂದ 3,000 ಹರ್ಟ್ಸ್‌ವರೆಗಿನ ಕಂಪನಗಳ ಗುಂಪು ಬಂದರೆ, ವಾಹಕದ ಮೇಲ್ಗಡೆ 612.3ರಿಂದ 615ರವರೆಗೆ ಒಂದು ಪಟ್ಟಿ, ಕೆಳಗಡೆ 609ರಿಂದ 611.7ರವರೆಗೆ ಇನ್ನೊಂದು ಪಟ್ಟಿ ಹರಡಿಕೊಳ್ಳುತ್ತದೆ. ಇವೇ ಎರಡು ಸೈಡ್‌ಬ್ಯಾಂಡ್‌ಗಳು. ಮೇಲಿನದರಲ್ಲಿ ಮಾತಿನ ಸ್ವರಗಳು ಇದ್ದ ಕ್ರಮದಲ್ಲೇ ಇರುತ್ತವೆ. ಕೆಳಗಿನದರಲ್ಲಿ ಕ್ರಮ ತಿರುವುಮುರುವಾಗಿ, ದಪ್ಪ ದನಿಯ ಕಂಪನಗಳು ವಾಹಕದ ಹತ್ತಿರ, ಆದರೆ ಮೇಲ್ತುದಿಯಲ್ಲಿ, ಕೀರಲು ದನಿಯವು ದೂರ ಕೆಳತುದಿಯಲ್ಲಿ ನಿಲ್ಲುತ್ತವೆ. ಒಂದು ಇನ್ನೊಂದರ ಪ್ರತಿಬಿಂಬ.

ಸಮೀಕರಣದ ಬಲಗಡೆಯ ಮೊದಲ ಪದವನ್ನು ನಿಧಾನವಾಗಿ ನೋಡಬೇಕು. ಅದರಲ್ಲಿ m ಇಲ್ಲ, f ಕೂಡ ಇಲ್ಲ. ಉದ್ಘೋಷಕರು ಕೂಗಿದರೂ ಪಿಸುಗುಟ್ಟಿದರೂ ಸುಮ್ಮನಿದ್ದರೂ 612 ಕಿಲೋಹರ್ಟ್ಸ್‌ನ ಆ ಅಲೆ ಇದ್ದಂತೆಯೇ ಇರುತ್ತದೆ. ವಾಹಕವೆಂಬ ಹೆಸರು ಹೊತ್ತಿದ್ದರೂ ಮಾತಿನ ಒಂದಕ್ಷರವನ್ನೂ ಅದು ಹೊರುವುದಿಲ್ಲ. ಆದರೂ ವಿದ್ಯುತ್ತಿನ ದೊಡ್ಡ ಪಾಲನ್ನು ತಿನ್ನುವುದು ಅದೇ. ಹೇರಿಕೆ ಪೂರ್ಣವಾಗಿದ್ದಾಗ, ಅಂದರೆ m = 1 ಆದಾಗ, ಪ್ರತಿ ಸೈಡ್‌ಬ್ಯಾಂಡಿನ ಎತ್ತರ ವಾಹಕದ ಅರ್ಧ. ಶಕ್ತಿ ಎತ್ತರದ ವರ್ಗಕ್ಕೆ ಅನುಗುಣವಾದ್ದರಿಂದ ಅದರ ಶಕ್ತಿ ವಾಹಕದ ಕಾಲು ಭಾಗ. ವಾಹಕಕ್ಕೆ 100 ಕಿಲೋವ್ಯಾಟ್ ಹೋದರೆ ಎರಡು ಸೈಡ್‌ಬ್ಯಾಂಡ್‌ಗಳಿಗೆ ತಲಾ 25 ಕಿಲೋವ್ಯಾಟ್. ಒಟ್ಟು 150ರಲ್ಲಿ 100 ಏನನ್ನೂ ಹೇಳದ ಅಲೆಗೆ ಹೋಯಿತು. ಮಿಕ್ಕ 50ರಲ್ಲೂ ಅರ್ಧ, ಒಮ್ಮೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳುವುದಕ್ಕೆ. ನಿಜವಾದ ಮಾತಿನಲ್ಲಿ m ಬಹುತೇಕ ಸಮಯ ಒಂದಕ್ಕಿಂತ ಎಷ್ಟೋ ಕಡಿಮೆ ಇರುವುದರಿಂದ ಲೆಕ್ಕ ಇನ್ನೂ ಕೆಡುತ್ತದೆ.

ಈ ಗಣಿತ ರೇಡಿಯೊಗಿಂತ ಹಳೆಯದು. 1870ರ ದಶಕದಲ್ಲೇ ಅಮೆರಿಕದ ಆಲ್ಫ್ರೆಡ್ ಮೇಯರ್, ಶ್ರುತಿಕವೆಗೂ ಕಿವಿಗೂ ನಡುವೆ ತೂತುಗಳಿರುವ ತಟ್ಟೆಯನ್ನು ತಿರುಗಿಸಿ, ಒಂದೇ ಸ್ವರವನ್ನು ಬಿಟ್ಟುಬಿಟ್ಟು ಕೇಳಿಸಿದಾಗ ಮೂಲಸ್ವರದ ಜೊತೆ ಬೇರೆ ಸ್ವರಗಳೂ ಕೇಳುವುದನ್ನು ಗಮನಿಸಿದ್ದ. ಎತ್ತರ ಬದಲಾಗುವ ಕಂಪನವೆಂದರೆ ಹಲವು ಸ್ಥಿರ ಕಂಪನಗಳ ಮೊತ್ತವೇ ಎಂದು ಇಂಗ್ಲೆಂಡಿನ ಲಾರ್ಡ್ ರೇಲಿ ಅದನ್ನು ವಿವರಿಸಿದ. ಧ್ವನಿಶಾಸ್ತ್ರದವರಿಗೆ ಗೊತ್ತಿದ್ದ ಈ ಮಾತು ರೇಡಿಯೊದವರ ಕಿವಿಗೆ ಬೀಳಲಿಲ್ಲ. ಕೇಳಿದವರೂ ಅದನ್ನು ಲೆಕ್ಕದ ಅನುಕೂಲವೆಂದು ಬಗೆದರೇ ಹೊರತು ಆಂಟೆನಾದಿಂದ ನಿಜವಾಗಿ ಹೊರಡುವ ಅಲೆಗಳೆಂದು ಅಲ್ಲ.

ಬದಲಾವಣೆ ಬಂದದ್ದು ದೂರವಾಣಿಯವರಿಂದ. ಅಮೆರಿಕನ್ ಟೆಲಿಫೋನ್ ಅಂಡ್ ಟೆಲಿಗ್ರಾಫ್ ಕಂಪನಿ, ಅಂದರೆ ಎಟಿ ಅಂಡ್ ಟಿ, 1915ರ ಜನವರಿಯಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ತಂತಿಯ ಮೇಲೆ ಮಾತು ಹಾಯಿಸಿತ್ತು. ಅದನ್ನು ಸಾಧ್ಯವಾಗಿಸಿದ್ದು ಹೆರಾಲ್ಡ್ ಆರ್ನಾಲ್ಡ್ ಸುಧಾರಿಸಿದ ನಿರ್ವಾತ ಕೊಳವೆ, ಅಂದರೆ ವಾಲ್ವ್. ಮಾತು ಹೊರಬಲ್ಲ ತಂತಿ ಎಳೆಯಲಾಗದ ಸಾಗರಕ್ಕೆ ರೇಡಿಯೊ ಒಂದೇ ದಾರಿಯಾಗಿತ್ತು. ಅದೇ ವರ್ಷ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿದ್ದ ನೌಕಾಪಡೆಯ ದೊಡ್ಡ ಆಂಟೆನಾವನ್ನು ಕಂಪನಿ ಎರವಲು ಪಡೆದು, 500ಕ್ಕೂ ಹೆಚ್ಚು ಸಣ್ಣ ವಾಲ್ವ್‌ಗಳನ್ನು ಒಟ್ಟಿಗೆ ಜೋಡಿಸಿ ಪ್ರಸಾರ ಮಾಡಿತು. ಶರತ್ಕಾಲದಲ್ಲಿ ಆ ಮಾತು ಪಶ್ಚಿಮಕ್ಕೆ ಹೊನೊಲುಲುವಿನಲ್ಲೂ ಪೂರ್ವಕ್ಕೆ ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲೂ ಕೇಳಿಸಿತು. ಯುದ್ಧಕಾಲವಾದ್ದರಿಂದ ಗೋಪುರದ ಆಂಟೆನಾ ಅಮೆರಿಕನ್ನರಿಗೆ ಸಿಗುತ್ತಿದ್ದುದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ.

ಸೈಡ್‌ಬ್ಯಾಂಡಿನ ಕಥೆಗೆ ಮುಖ್ಯವಾದದ್ದು ಆ ದಾಖಲೆಯ ದೂರವಲ್ಲ, ಆಂಟೆನಾವನ್ನು ಶ್ರುತಿ ಮಾಡಿದ ರೀತಿ. ಉದ್ದ ಅಲೆಗಳ ಆಂಟೆನಾ ಬಹಳ ಕಿರಿದಾದ ಆವೃತ್ತಿಪಟ್ಟಿಯನ್ನಷ್ಟೇ ಚೆನ್ನಾಗಿ ಹೊರಹಾಕುತ್ತದೆ. ವಾಹಕವನ್ನು ನಟ್ಟನಡುವೆ ಇಟ್ಟು ಶ್ರುತಿ ಮಾಡಿದರೆ ಎರಡೂ ಸೈಡ್‌ಬ್ಯಾಂಡ್‌ಗಳ ಹೊರ ಅಂಚುಗಳು ಸೊರಗಿ, ಮಾತಿನ ಸ್ಪಷ್ಟತೆಗೆ ಬೇಕಾದ ಮೇಲಿನ ಸ್ವರಗಳು ಮಂಕಾಗುತ್ತವೆ. ಶ್ರುತಿಯನ್ನು ಒಂದು ಪಕ್ಕಕ್ಕೆ ಸರಿಸಿದಾಗ ಒಂದು ಸೈಡ್‌ಬ್ಯಾಂಡ್ ಪೂರ್ತಿಯಾಗಿ ಹೊರಟಿತು, ಇನ್ನೊಂದು ಬಹುಮಟ್ಟಿಗೆ ಒಳಗೇ ಉಳಿಯಿತು. ಹಾಗಿದ್ದೂ ಮಾತು ಸರಿಯಾಗಿ ಅರ್ಥವಾಗುತ್ತಿತ್ತು. ಸೈಡ್‌ಬ್ಯಾಂಡ್ ಎಂಬುದು ಕೇವಲ ಲೆಕ್ಕದ ಮಾತಾಗಿದ್ದರೆ ಅರ್ಧವನ್ನು ಕಡಿದು ಉಳಿದರ್ಧದಿಂದ ಕೆಲಸ ತೆಗೆಯಲು ಬರುತ್ತಿರಲಿಲ್ಲ. ಸೈಡ್‌ಬ್ಯಾಂಡ್‌ಗಳು ಬೇರೆ ಬೇರೆಯಾಗಿ ಹಿಡಿದು ಬೇರ್ಪಡಿಸಬಹುದಾದ ವಸ್ತುಗಳು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈ ಅರಿವಿನ ಶ್ರೇಯ ಯಾರಿಗೆ ಸಲ್ಲಬೇಕೆಂಬುದರಲ್ಲಿ ಇತಿಹಾಸಕಾರರು ಒಂದೇ ಮಾತು ಹೇಳುವುದಿಲ್ಲ. ಅದೇ ಕಂಪನಿಗಳ ಕೂಟದ ಕಾರ್ಲ್ ಎಂಗ್ಲಂಡ್ 1914ರಲ್ಲೇ ಸೈಡ್‌ಬ್ಯಾಂಡ್‌ಗಳ ಲೆಕ್ಕವನ್ನು ಬರೆದಿಟ್ಟಿದ್ದ. ಆರ್ಲಿಂಗ್ಟನ್ನಿನ ಶ್ರುತಿಯ ಹಿಂದೆ ಆರ್ನಾಲ್ಡನ ತಲೆಯಿತ್ತು. ಆದರೆ ಅದನ್ನು ಒಂದು ಪೂರ್ಣ ವ್ಯವಸ್ಥೆಯಾಗಿ ಕಂಡವನು ಜಾನ್ ಕಾರ್ಸನ್. ಪಿಟ್ಸ್‌ಬರ್ಗಿನಲ್ಲಿ ಹುಟ್ಟಿ ಪ್ರಿನ್ಸ್‌ಟನ್ನಿನಲ್ಲಿ ಓದಿದ ಈ ಗಣಿತಜ್ಞನಿಗೆ ಆಗ ಇಪ್ಪತ್ತೊಂಬತ್ತು ವರ್ಷ. 1915ರ ಡಿಸೆಂಬರಿನಲ್ಲಿ ಆತ ಸಲ್ಲಿಸಿದ ಪೇಟೆಂಟ್ ಅರ್ಜಿಯ ತರ್ಕ ನೇರವಾಗಿತ್ತು: ವಾಹಕದಲ್ಲಿ ಸುದ್ದಿಯಿಲ್ಲ, ಅದನ್ನು ಕಳಿಸಬೇಕಾಗಿಲ್ಲ, ಎರಡು ಸೈಡ್‌ಬ್ಯಾಂಡ್‌ಗಳಲ್ಲಿ ಇರುವುದು ಒಂದೇ ಸುದ್ದಿ, ಎರಡನ್ನೂ ಕಳಿಸಬೇಕಾಗಿಲ್ಲ. ವಾಹಕವನ್ನು ಅಳಿಸಲು ಎರಡು ವಾಲ್ವ್‌ಗಳನ್ನು ಎದುರುಬದುರಾಗಿ ಜೋಡಿಸಿದ ಸಮತೋಲಿತ ಮಂಡಲ ಸಾಕಿತ್ತು. ಎರಡಕ್ಕೂ ವಾಹಕ ಒಂದೇ ದಿಕ್ಕಿನಲ್ಲಿ, ಮಾತು ವಿರುದ್ಧ ದಿಕ್ಕಿನಲ್ಲಿ ಸಿಗುತ್ತದೆ. ಅವುಗಳ ಹೊರಹರಿವಿನ ವ್ಯತ್ಯಾಸದಲ್ಲಿ ವಾಹಕ ಪರಸ್ಪರ ಕಳೆದುಹೋಗಿ, ಎರಡು ಸೈಡ್‌ಬ್ಯಾಂಡ್‌ಗಳು ಉಳಿಯುತ್ತವೆ. ಅವುಗಳಲ್ಲಿ ಒಂದನ್ನು ತಡೆಯಲು ಅದೇ ಕಂಪನಿಯ ಜಾರ್ಜ್ ಕ್ಯಾಂಪ್‌ಬೆಲ್ ಸುರುಳಿ ಮತ್ತು ಕೆಪಾಸಿಟರ್‌ಗಳನ್ನು ಸರಪಣಿಯಾಗಿ ಹೆಣೆದು ಮಾಡಿದ ಫಿಲ್ಟರ್ ಸಿದ್ಧವಿತ್ತು. ಕಾರ್ಸನ್ನನಿಗೆ ಪೇಟೆಂಟ್ ಕೈಸೇರಿದ್ದು 1923ರಲ್ಲಿ.

ಕಳಿಸುವವನ ಭಾರ ಹೀಗೆ ಇಳಿಯಿತು, ಆದರೆ ಅದು ಮಾಯವಾಗಲಿಲ್ಲ, ಕೇಳುವವನ ಹೆಗಲೇರಿತು. ವಾಹಕ ಜೊತೆಗಿದ್ದಾಗ ಮಾತನ್ನು ಬಿಡಿಸಿಕೊಳ್ಳುವುದು ಹರಳಿನ ತುಂಡೊಂದಕ್ಕೂ ಸಾಧ್ಯವಿತ್ತು. ಅಲೆಯ ಒಂದು ಮಗ್ಗುಲನ್ನು ಕತ್ತರಿಸಿ ಅದರ ತುದಿಗಳ ಏರಿಳಿತವನ್ನು ಹಿಂಬಾಲಿಸಿದರೆ ಅದೇ ಮಾತು. ವಾಹಕವನ್ನು ತೆಗೆದುಬಿಟ್ಟರೆ ತುದಿಗಳ ಆಕಾರವೇ ಸುಳ್ಳಾಗುತ್ತದೆ. 1,000 ಹರ್ಟ್ಸ್ ಸ್ವರದ ಎರಡು ಸೈಡ್‌ಬ್ಯಾಂಡ್‌ಗಳು ಮಾತ್ರ ಬಂದರೆ ಹರಳು ಸೆಟ್ಟಿನಲ್ಲಿ ಮೂಲಸ್ವರದ ಬದಲು ಅದರ ದುಪ್ಪಟ್ಟು, 2,000 ಹರ್ಟ್ಸ್‌ನ ಒರಟು ದನಿ ಕೇಳುತ್ತದೆ. ಒಂದೇ ಸೈಡ್‌ಬ್ಯಾಂಡ್ ಬಂದರೆ ಅದು ಎತ್ತರ ಬದಲಾಗದ ಒಂಟಿ ಅಲೆ, ಏನೂ ಕೇಳುವುದಿಲ್ಲ.

ಪರಿಹಾರವೂ ಅದೇ ತ್ರಿಕೋನಮಿತಿಯಲ್ಲಿತ್ತು. ಗುಣಾಕಾರದಿಂದ ಮೇಲೇರಿದ ಮಾತನ್ನು ಮತ್ತೊಂದು ಗುಣಾಕಾರದಿಂದ ಕೆಳಗಿಳಿಸಬಹುದು. ಮಾತನ್ನು x ಎಂದು ಕರೆದರೆ, ವಾಹಕವಿಲ್ಲದ ಎರಡು ಸೈಡ್‌ಬ್ಯಾಂಡ್‌ಗಳ ಅಲೆ x · cos 2πFt. ರಿಸೀವರಿನಲ್ಲೇ ಹುಟ್ಟಿಸಿದ ಅಂಥದೇ ವಾಹಕದಿಂದ ಅದನ್ನು ಗುಣಿಸಿದರೆ:

x · cos 2πFt · cos 2πFt = ½ x + ½ x cos 2π(2F)t

ಮೊದಲ ಪದವೇ ಬೇಕಾಗಿದ್ದ ಮಾತು, ಅರ್ಧ ಎತ್ತರದಲ್ಲಿ. ಎರಡನೆಯದು ವಾಹಕದ ದುಪ್ಪಟ್ಟು ಆವೃತ್ತಿಯ ಸುತ್ತ ಕುಳಿತ ಸೈಡ್‌ಬ್ಯಾಂಡ್‌ಗಳು. 612 ಕಿಲೋಹರ್ಟ್ಸ್‌ನ ವಾಹಕವಾದರೆ ಅವು 1,224ರ ಆಸುಪಾಸಿನಲ್ಲಿರುತ್ತವೆ. ಕೆಲವು ಸಾವಿರ ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ತಡೆಯುವ ಸಾಧಾರಣ ಫಿಲ್ಟರ್ ಅವನ್ನು ಸುಲಭವಾಗಿ ಹೊರಗಿಡುತ್ತದೆ. ರಿಸೀವರಿನಲ್ಲೇ ವಾಹಕವನ್ನು ಹುಟ್ಟಿಸಿ ಬೆರೆಸುವ ಈ ವಿಧಾನವನ್ನು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಬರ್ಟನ್ ಕೆಂಡಾಲ್ ಅದೇ ಕಾಲದಲ್ಲಿ ರೂಪಿಸಿದ. ಮುಂದೆ ಇದಕ್ಕೆ ಹೋಮೊಡೈನ್ ಎಂಬ ಹೆಸರು ನಿಂತಿತು.

ಇಲ್ಲಿ ಒಂದು ತೊಡಕು ಅಡಗಿತ್ತು. ಸ್ಥಳೀಯ ವಾಹಕ ಮೂಲ ವಾಹಕದ ಜೊತೆ ಹೆಜ್ಜೆಗೆ ಹೆಜ್ಜೆ ಇಡಬೇಕು. ಅದು φ ಕೋನದಷ್ಟು ಹಿಂದುಳಿದಿದ್ದರೆ ಸಿಗುವುದು ½ x ಅಲ್ಲ, ½ x cos φ. ಕೋನ 60 ಡಿಗ್ರಿಯಾದರೆ ದನಿ ಅರ್ಧಕ್ಕಿಳಿಯುತ್ತದೆ. 90 ಡಿಗ್ರಿಯಾದರೆ ಪೂರ್ತಿ ಮೌನ, ಏಕೆಂದರೆ ಮೇಲಿನ ಸೈಡ್‌ಬ್ಯಾಂಡ್ ಕೊಟ್ಟದ್ದನ್ನು ಕೆಳಗಿನದು ಸರಿಯಾಗಿ ಅಳಿಸಿಹಾಕುತ್ತದೆ. ಕೋನ ಸ್ಥಿರವಾಗಿರದೆ ಸ್ಥಳೀಯ ವಾಹಕದ ಆವೃತ್ತಿಯೇ 20 ಹರ್ಟ್ಸ್ ಹೆಚ್ಚಾಗಿದ್ದರೆ φ ಸೆಕೆಂಡಿಗೆ ಇಪ್ಪತ್ತು ಸುತ್ತು ಸುತ್ತುತ್ತದೆ. ಮಾತು ಸೆಕೆಂಡಿಗೆ ನಲವತ್ತು ಸಲ ಸತ್ತು ಹುಟ್ಟುತ್ತದೆ, ಕೇಳುವವನಿಗೆ ಸಿಗುವುದು ಬರೀ ನಡುಕ. ಸಾವಿರಾರು ಕಿಲೋಮೀಟರ್ ಆಚೆಗಿರುವ ಎರಡು ವಾಲ್ವ್ ಆಂದೋಲಕಗಳನ್ನು ಆ ಕಾಲದಲ್ಲಿ ಅಷ್ಟು ನಿಖರವಾಗಿ ಜೊತೆಗೂಡಿಸಲು ಸಾಧ್ಯವೇ ಇರಲಿಲ್ಲ.

ಒಂದೇ ಸೈಡ್‌ಬ್ಯಾಂಡ್ ಕಳಿಸಿದರೆ ಈ ಕಂಟಕ ತಪ್ಪುತ್ತದೆ. ಕಳೆಯಲು ಎದುರಾಳಿ ಸೈಡ್‌ಬ್ಯಾಂಡೇ ಇಲ್ಲದ ಕಾರಣ ಕೋನ ಎಷ್ಟೇ ಇದ್ದರೂ ದನಿ ಕುಗ್ಗುವುದಿಲ್ಲ. ಸ್ವರಗಳ ಹೆಜ್ಜೆ ಮಾತ್ರ ಸರಿಯುತ್ತದೆ, ಕಿವಿ ಅದನ್ನು ಗಮನಿಸುವುದಿಲ್ಲ. ಆವೃತ್ತಿ 20 ಹರ್ಟ್ಸ್ ತಪ್ಪಿದರೆ ಎಲ್ಲ ಸ್ವರಗಳೂ ಅಷ್ಟಷ್ಟೇ ಪಕ್ಕಕ್ಕೆ ಸರಿಯುತ್ತವೆ. 400, 800, 1,200 ಹರ್ಟ್ಸ್ ಇದ್ದವು 420, 820, 1,220 ಆಗುತ್ತವೆ. ಎರಡನೆಯದು ಮೊದಲನೆಯದರ ಸರಿಯಾದ ದುಪ್ಪಟ್ಟಾಗಿ ಉಳಿಯಲಿಲ್ಲ, ಸಂಗೀತವಾದರೆ ಅಪಶ್ರುತಿ. ಮಾತಾದರೆ ದನಿ ತುಸು ವಿಚಿತ್ರವೆನಿಸಿದರೂ ಪ್ರತಿ ಪದವೂ ತಿಳಿಯುತ್ತದೆ. ತಪ್ಪು ನೂರಾರು ಹರ್ಟ್ಸ್‌ಗೆ ಏರಿದಾಗಷ್ಟೇ ಮಾತು ಬಾತುಕೋಳಿಯ ಕೂಗಿನಂತಾಗುತ್ತದೆ. ಆವೃತ್ತಿಯ ಉಳಿತಾಯ, ಶಕ್ತಿಯ ಉಳಿತಾಯ ಎಂಬ ಎರಡು ಕಾರಣಗಳನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಸ್ಥಳೀಯ ವಾಹಕದ ತಪ್ಪನ್ನು ಸಹಿಸಿಕೊಳ್ಳುವ ಈ ಮೂರನೆಯ ಗುಣವಿಲ್ಲದಿದ್ದರೆ ಮೊದಲೆರಡು ಲಾಭಗಳು ಕಾಗದದ ಮೇಲೆಯೇ ಉಳಿಯುತ್ತಿದ್ದವು.

ಮೊದಲ ಬಳಕೆ ಆಕಾಶದಲ್ಲಲ್ಲ, ತಂತಿಯ ಮೇಲೆ. 1918ರಲ್ಲಿ ಬಾಲ್ಟಿಮೋರ್ ಮತ್ತು ಪಿಟ್ಸ್‌ಬರ್ಗ್ ನಡುವೆ, ಇದ್ದ ತಂತಿಜೋಡಿಯ ಮೇಲೆಯೇ ಸಾಮಾನ್ಯ ಮಾತಿನ ಜೊತೆಗೆ ಇನ್ನೂ ನಾಲ್ಕು ಸಂಭಾಷಣೆಗಳನ್ನು ಬೇರೆ ಬೇರೆ ವಾಹಕಗಳಿಂದ ಮೇಲೆತ್ತಿ, ವಾಹಕವನ್ನೂ ಒಂದು ಸೈಡ್‌ಬ್ಯಾಂಡನ್ನೂ ತೆಗೆದು ಕಳಿಸುವ ವ್ಯವಸ್ಥೆ ಆರಂಭವಾಯಿತು. ಆ ಅನುಭವ ಸಾಗರ ದಾಟಲು ಬೇಕಾದ ಕೈಹಿಡಿತ ಕೊಟ್ಟಿತು.

ಸಾಗರದ ಮೇಲೆ ಆಗ ಭರವಸೆಯಿಡಬಹುದಾದದ್ದು ಐದು ಕಿಲೋಮೀಟರಿನಷ್ಟು ಉದ್ದದ ಅಲೆಗಳ ಮೇಲೆ, ಅಂದರೆ 60 ಕಿಲೋಹರ್ಟ್ಸ್ ಆಸುಪಾಸು. ಇಡೀ ಆ ಪ್ರದೇಶದಲ್ಲಿ ಇರುವ ಜಾಗವೇ ಕೆಲವು ಹತ್ತು ಕಿಲೋಹರ್ಟ್ಸ್. ಎರಡು ಸೈಡ್‌ಬ್ಯಾಂಡ್‌ಗಳಿಗೆ ಆರು ಕಿಲೋಹರ್ಟ್ಸ್ ಕೊಟ್ಟರೆ ತಂತಿರಹಿತ ತಾರುಗಳಿಗೆ ಜಾಗವೇ ಉಳಿಯದು, ಆಂಟೆನಾ ಕೂಡ ಅಷ್ಟು ಅಗಲದ ಪಟ್ಟಿಯನ್ನು ಸಮನಾಗಿ ಹೊರಹಾಕದು. ಹೀಗಾಗಿ ಒಂದೇ ಸೈಡ್‌ಬ್ಯಾಂಡ್ ಇಲ್ಲಿ ಆಯ್ಕೆಯಾಗಿರಲಿಲ್ಲ, ಅನಿವಾರ್ಯವಾಗಿತ್ತು. ಕಷ್ಟವಿದ್ದದ್ದು ಫಿಲ್ಟರಿನಲ್ಲಿ. ಮಾತು 300 ಹರ್ಟ್ಸ್‌ನಿಂದ ಆರಂಭವಾಗುವುದರಿಂದ ಎರಡು ಸೈಡ್‌ಬ್ಯಾಂಡ್‌ಗಳ ನಡುವಿನ ಖಾಲಿ ಜಾಗ 600 ಹರ್ಟ್ಸ್. 60 ಕಿಲೋಹರ್ಟ್ಸ್‌ನಲ್ಲಿ ಇದು ಬರೀ ನೂರಕ್ಕೆ ಒಂದು ಪಾಲು. ಅಷ್ಟು ಸಣ್ಣ ಬಿರುಕಿನಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಬಲ್ಲ ಫಿಲ್ಟರನ್ನು ಸುರುಳಿಗಳಿಂದ ಮಾಡುವುದು ಬಲು ಕಠಿಣ. ರೇಮಂಡ್ ಹೈಸಿಂಗ್ ಇದಕ್ಕೆ ಎರಡು ಹಂತದ ದಾರಿ ಹಿಡಿದ. ಮೊದಲು 30 ಕಿಲೋಹರ್ಟ್ಸ್ ಆಸುಪಾಸಿನ ವಾಹಕದಿಂದ ಮಾತನ್ನು ಗುಣಿಸಿ, ಬಿರುಕು ನೂರಕ್ಕೆ ಎರಡು ಪಾಲಿನಷ್ಟು ಅಗಲವಿರುವ ಅಲ್ಲಿಯೇ ಒಂದು ಸೈಡ್‌ಬ್ಯಾಂಡನ್ನು ಬೇರ್ಪಡಿಸಿದ. ಹಾಗೆ ಸಿಕ್ಕ ಒಂಟಿ ಪಟ್ಟಿಯನ್ನು ಇನ್ನೊಂದು ವಾಹಕದಿಂದ ಮತ್ತೆ ಗುಣಿಸಿ ಬೇಕಾದ ಆವೃತ್ತಿಗೆ ತಂದ. ಎರಡನೆಯ ಗುಣಾಕಾರದಲ್ಲಿ ಹುಟ್ಟುವ ಬೇಡದ ಪಟ್ಟಿ ಹತ್ತಾರು ಕಿಲೋಹರ್ಟ್ಸ್ ದೂರ ಬೀಳುವುದರಿಂದ ಅದನ್ನು ತೊಲಗಿಸಲು ಸಾಧಾರಣ ಫಿಲ್ಟರ್ ಸಾಕಾಯಿತು.

1923ರ ಜನವರಿ 14ರ ರಾತ್ರಿ ಎಟಿ ಅಂಡ್ ಟಿಯ ಅಧ್ಯಕ್ಷ ಹ್ಯಾರಿ ಥೇಯರ್ ನ್ಯೂಯಾರ್ಕಿನ ಕಚೇರಿಯಲ್ಲಿ ಫೋನ್ ಕೈಗೆತ್ತಿಕೊಂಡ. ಲಂಡನ್ನಿನಲ್ಲಿ ಆಗಲೇ ಮಾರನೆಯ ದಿನದ ನಸುಕು. ಲಾಂಗ್ ಐಲೆಂಡಿನ ರಾಕಿ ಪಾಯಿಂಟ್ ಪ್ರಸಾರ ಕೇಂದ್ರದಲ್ಲಿ, ನೀರು ಹರಿಸಿ ತಂಪಾಗಿಸುವ ಹೊಸ ದೊಡ್ಡ ವಾಲ್ವ್‌ಗಳು ಆರ್ಲಿಂಗ್ಟನ್ನಿನ ನೂರಾರು ಚಿಕ್ಕ ವಾಲ್ವ್‌ಗಳ ಸ್ಥಾನ ಪಡೆದಿದ್ದವು. ಲಂಡನ್ ಪಕ್ಕದ ನ್ಯೂ ಸೌತ್‌ಗೇಟಿನಲ್ಲಿ ಸೇರಿದ್ದ ಸುಮಾರು ಅರವತ್ತು ಜನ ಎರಡು ಗಂಟೆ ಕಾಲ ಅಮೆರಿಕದ ಮಾತನ್ನು ಕೇಳಿದರು. ಏಳು ವರ್ಷ ಹಿಂದೆ ಐಫೆಲ್ ಗೋಪುರದಲ್ಲಿ ಆಗೊಮ್ಮೆ ಈಗೊಮ್ಮೆ ಸಿಕ್ಕ ತುಣುಕು ಪದಗಳಿಗೂ ಈ ಎಡೆಬಿಡದ ಮಾತಿಗೂ ಹೋಲಿಕೆಯೇ ಇರಲಿಲ್ಲ. ವಾಹಕಕ್ಕೆ ವ್ಯರ್ಥವಾಗುತ್ತಿದ್ದ ಶಕ್ತಿಯೆಲ್ಲ ಈಗ ಮಾತಿಗೆ ಸಿಕ್ಕಿತ್ತು. ರಿಸೀವರಿನ ಬಾಗಿಲು ಅರ್ಧ ಅಗಲಕ್ಕೆ ಇಳಿದಿದ್ದರಿಂದ ಒಳನುಗ್ಗುವ ಸಿಡಿಲು ಗದ್ದಲವೂ ಅರ್ಧಕ್ಕಿಳಿದಿತ್ತು.

ಸಾರ್ವಜನಿಕ ಸೇವೆ 1927ರ ಜನವರಿ 7ರಂದು ಆರಂಭವಾಯಿತು. ಬ್ರಿಟನ್ನಿನ ಕಡೆಯಿಂದ ರಗ್ಬಿಯಲ್ಲಿದ್ದ ಅಂಚೆ ಇಲಾಖೆಯ ಕೇಂದ್ರ ಪ್ರಸಾರ ಮಾಡಿತು. ಮೂರು ನಿಮಿಷದ ಮಾತಿಗೆ 75 ಡಾಲರ್. ಜಾಗದ ಅಭಾವ ಎಷ್ಟಿತ್ತೆಂದರೆ ಹೋಗುವ ಮಾತು, ಬರುವ ಮಾತು ಎರಡೂ ಒಂದೇ ಮೂರು ಕಿಲೋಹರ್ಟ್ಸ್‌ನ ಪಟ್ಟಿಯನ್ನು ಹಂಚಿಕೊಂಡವು. ಒಬ್ಬರು ಮಾತನಾಡತೊಡಗಿದ ಕೂಡಲೇ ಅವರ ದನಿಯೇ ರಿಲೇಗಳನ್ನು ತಿರುಗಿಸಿ ಇನ್ನೊಂದು ದಿಕ್ಕನ್ನು ಮುಚ್ಚುತ್ತಿತ್ತು.

ಹಣ ಕೊಟ್ಟು ಮಾತನಾಡುವ ಜನ ಒಂಟಿ ಸೈಡ್‌ಬ್ಯಾಂಡನ್ನು ಮೂರು ವರ್ಷ ಬಳಸಿದ ಮೇಲೆ, ಸೈಡ್‌ಬ್ಯಾಂಡ್‌ಗಳೇ ಇಲ್ಲವೆಂಬ ವಾದ ಎದ್ದಿತು. 1930ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಮಂಡಿಸಿದವನು ಸಾಮಾನ್ಯನಲ್ಲ, 1904ರಲ್ಲಿ ಮೊದಲ ವಾಲ್ವನ್ನು ಕಂಡುಹಿಡಿದ ಆಂಬ್ರೋಸ್ ಫ್ಲೆಮಿಂಗ್, ಆಗ ಎಂಬತ್ತರ ವಯೋವೃದ್ಧ. ಪ್ರಸಾರ ಕೇಂದ್ರದಿಂದ ಹೊರಡುವುದು ಒಂದೇ ಆವೃತ್ತಿಯ, ಎತ್ತರ ಬದಲಾಗುವ ಅಲೆ ಮಾತ್ರ, ಆವೃತ್ತಿಗಳ ಪಟ್ಟಿ ಎಂಬುದು ಗಣಿತದ ಕಲ್ಪನೆ ಎಂಬುದು ಅವನ ನಿಲುವು. ಅದೇ ಹೊತ್ತಿಗೆ ಬ್ರಿಟನ್ನಿನ ಜೇಮ್ಸ್ ರಾಬಿನ್ಸನ್ ಸ್ಟೆನೋಡ್ ರೇಡಿಯೊಸ್ಟಾಟ್ ಎಂಬ ರಿಸೀವರನ್ನು ಮುಂದಿಟ್ಟದ್ದು ಆ ವಾದಕ್ಕೆ ಪ್ರಯೋಗದ ಬಲ ಕೊಟ್ಟಂತೆ ಕಂಡಿತು. ಅದರ ಕ್ವಾರ್ಟ್ಸ್ ಹರಳಿನ ಫಿಲ್ಟರ್ ಸೈಡ್‌ಬ್ಯಾಂಡ್ ಸಿದ್ಧಾಂತ ಬೇಡುವುದಕ್ಕಿಂತ ಎಷ್ಟೋ ಕಿರಿದಾಗಿತ್ತು, ಆದರೂ ಸಂಗೀತ ಕೇಳುತ್ತಿತ್ತು. ಸೈಡ್‌ಬ್ಯಾಂಡ್‌ಗಳು ನಿಜವಾಗಿದ್ದರೆ ಅವು ಆ ಸಂದಿಯಲ್ಲಿ ಸತ್ತುಹೋಗಬೇಕಿತ್ತಲ್ಲವೇ ಎಂಬುದು ಪ್ರಶ್ನೆ.

ಉತ್ತರ ಹರಳಿನ ಹಿಂದೆಯೇ ಇತ್ತು. ಹರಳು ಸೈಡ್‌ಬ್ಯಾಂಡ್‌ಗಳನ್ನು ಪೂರ್ತಿ ಕೊಲ್ಲುತ್ತಿರಲಿಲ್ಲ. ವಾಹಕದಿಂದ ದೂರ ಹೋದಷ್ಟೂ ಹೆಚ್ಚು ಕುಗ್ಗಿಸುತ್ತಿತ್ತು. ಮಾತಿನ ಮೇಲಿನ ಸ್ವರಗಳು ಅತಿ ಕ್ಷೀಣವಾಗಿ ಹೊರಬರುತ್ತಿದ್ದವು. ರಾಬಿನ್ಸನ್ ಅದರ ನಂತರ ಮೇಲಿನ ಸ್ವರಗಳನ್ನು ಅದೇ ಪ್ರಮಾಣದಲ್ಲಿ ಎತ್ತುವ ವರ್ಧಕವನ್ನು ಇಟ್ಟಿದ್ದ. ಕುಗ್ಗಿದ್ದನ್ನು ಹಿಗ್ಗಿಸಿದ್ದರಿಂದ ಸಂಗೀತ ಸರಿಯಾಯಿತು. ಆ ವರ್ಧಕವನ್ನು ತೆಗೆದರೆ ದನಿ ಗವಿಯೊಳಗಿನಿಂದ ಬಂದಂತೆ ಮಬ್ಬಾಗುತ್ತಿತ್ತು. ಸಿದ್ಧಾಂತ ಮುಂಗಾಣುವುದು ಅದನ್ನೇ. ಫ್ಲೆಮಿಂಗನ ಮಾತಿನಲ್ಲಿ ಅರ್ಧ ನಿಜವಿತ್ತು: ಒಂದೇ ಸಮೀಕರಣದ ಎಡಗಡೆ, ಬಲಗಡೆ ಎರಡೂ ಒಂದೇ ಅಲೆಯ ವರ್ಣನೆ. ಆದರೆ ಶ್ರುತಿಗೊಂಡ ಮಂಡಲವೊಂದು ಅಲೆಯನ್ನು ಎದುರುಗೊಂಡಾಗ ಏನಾಗುತ್ತದೆಂದು ತಿಳಿಯಲು ಬಲಗಡೆಯನ್ನೇ ನೋಡಬೇಕು, ಏಕೆಂದರೆ ಅಂಥ ಮಂಡಲ ಪ್ರತಿಕ್ರಿಯಿಸುವುದು ಸ್ಥಿರ ಆವೃತ್ತಿಗಳಿಗೆ. ಎಡಗಡೆಯೊಂದನ್ನೇ ಸತ್ಯವೆಂದು ಹಿಡಿದವನಿಗೆ ಅಟ್ಲಾಂಟಿಕ್ ದೂರವಾಣಿ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ವಿವರಿಸಲು ಆಗುತ್ತಿರಲಿಲ್ಲ. ವಾದ ತಣ್ಣಗಾಯಿತು. ನಿಲ್ದಾಣಗಳ ನಡುವೆ ಕಾಯ್ದುಕೊಳ್ಳುವ ಅಂತರವೂ ಸೈಡ್‌ಬ್ಯಾಂಡ್ ಲೆಕ್ಕದಂತೆಯೇ ಉಳಿಯಿತು. ಇಂದಿಗೂ ಭಾರತದ ಮಧ್ಯಮ ತರಂಗದಲ್ಲಿ ಅದು 9 ಕಿಲೋಹರ್ಟ್ಸ್. 612ರ ಅಕ್ಕಪಕ್ಕ 603 ಮತ್ತು 621.

ಉಳಿದದ್ದು ಗುಣಿಸುವ ವಾಹಕದ ಹೆಜ್ಜೆ ಹೊಂದಿಸುವ ಸಮಸ್ಯೆ. 1932ರಲ್ಲಿ ಫ್ರಾನ್ಸಿನ ಆನ್ರಿ ದ ಬೆಲ್ಲಿಸಿಜ್ ಸ್ಥಳೀಯ ಆಂದೋಲಕವನ್ನು ಬರುವ ವಾಹಕದ ಜೊತೆ ಸದಾ ಹೋಲಿಸಿ, ವ್ಯತ್ಯಾಸದಿಂದಲೇ ಅದನ್ನು ತಿದ್ದುವ ಮಂಡಲವನ್ನು ವಿವರಿಸಿದ. ಇಂದು ಎಲ್ಲೆಡೆ ಇರುವ ಫೇಸ್ ಲಾಕ್ ಲೂಪಿನ ಮೊದಲ ರೂಪ ಅದು. 1947ರಲ್ಲಿ ಇಂಗ್ಲೆಂಡಿನ ಟಕ್ಕರ್ ಸಿಂಕ್ರೊಡೈನ್ ಎಂಬ ಹೆಸರಿನಲ್ಲಿ ಇಂಥದೇ ರಿಸೀವರನ್ನು ಪ್ರಕಟಿಸಿದ. ಇವೆರಡಕ್ಕೂ ವಾಹಕ ಸ್ವಲ್ಪವಾದರೂ ಬಂದು ತಲುಪಬೇಕಿತ್ತು. ವಾಹಕವೇ ಇಲ್ಲದ ಎರಡು ಸೈಡ್‌ಬ್ಯಾಂಡ್‌ಗಳಿಂದ ಹೆಜ್ಜೆಯನ್ನು ಕಂಡುಹಿಡಿದವನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಾನ್ ಕೋಸ್ಟಾಸ್.

1956ರ ಡಿಸೆಂಬರಿನಲ್ಲಿ ಅಮೆರಿಕದ ರೇಡಿಯೊ ಎಂಜಿನಿಯರುಗಳ ಸಂಸ್ಥೆ ಒಂಟಿ ಸೈಡ್‌ಬ್ಯಾಂಡಿಗಾಗಿಯೇ ವಿಶೇಷ ಸಂಚಿಕೆ ತಂದಿತು. ಅದೇ ಸಂಚಿಕೆಯಲ್ಲಿ ಕೋಸ್ಟಾಸ್ ಎದುರು ಪಕ್ಷದ ಲೇಖನ ಬರೆದ. ಎರಡು ಸೈಡ್‌ಬ್ಯಾಂಡ್‌ಗಳು ಪರಸ್ಪರ ಪ್ರತಿಬಿಂಬಗಳಾಗಿರುವುದರಿಂದ, ಅವುಗಳ ನಟ್ಟನಡುವೆ ಕಾಣದ ವಾಹಕ ಎಲ್ಲಿರಬೇಕು, ಯಾವ ಹೆಜ್ಜೆಯಲ್ಲಿರಬೇಕು ಎಂಬುದು ಅವುಗಳಲ್ಲೇ ಬರೆದಿರುತ್ತದೆ ಎಂಬುದು ಅವನ ತರ್ಕ. ಅವನ ಮಂಡಲದಲ್ಲಿ ಬಂದ ಅಲೆಯನ್ನು ಒಂದಲ್ಲ, ಎರಡು ವಾಹಕಗಳಿಂದ ಗುಣಿಸಲಾಗುತ್ತದೆ. ಅವು ಒಂದಕ್ಕೊಂದು 90 ಡಿಗ್ರಿ ಹಿಂದುಮುಂದು. ಒಂದರಿಂದ ½ x cos φ, ಇನ್ನೊಂದರಿಂದ ½ x sin φ ಸಿಗುತ್ತದೆ. ಹೆಜ್ಜೆ ಸರಿಯಿದ್ದಾಗ ಎರಡನೆಯದು ಶೂನ್ಯ. ಹೆಜ್ಜೆ ತಪ್ಪಿದರೆ ಅದರಲ್ಲಿ ಮಾತು ಸೋರತೊಡಗುತ್ತದೆ. ಯಾವ ದಿಕ್ಕಿಗೆ ತಪ್ಪಿತೆಂದು ತಿಳಿಯಲು ಎರಡನ್ನೂ ಒಂದಕ್ಕೊಂದು ಗುಣಿಸಿದರೆ ಸಾಕು:

½ x cos φ · ½ x sin φ = ⅛ x² sin 2φ

x² ಎಂದೂ ಋಣವಾಗದ ಕಾರಣ ಫಲಿತಾಂಶದ ಚಿಹ್ನೆ ಮಾತನ್ನು ಅವಲಂಬಿಸದೆ φಯ ದಿಕ್ಕನ್ನಷ್ಟೇ ತೋರಿಸುತ್ತದೆ. ಅದನ್ನು ಆಂದೋಲಕಕ್ಕೆ ಹಿಂದಿರುಗಿಸಿದರೆ ಅದು ತಾನಾಗಿ ಸರಿಹೋಗುತ್ತದೆ. ಕಿರು ಅಲೆಗಳ ರೇಡಿಯೊದಲ್ಲಿ ವಾತಾವರಣದಿಂದ ವಾಹಕವೊಂದೇ ಆಗಾಗ ಮಂಕಾಗಿ, ಸೈಡ್‌ಬ್ಯಾಂಡ್‌ಗಳು ಉಳಿದು, ಹಳೆಯ ರಿಸೀವರುಗಳಲ್ಲಿ ಮಾತು ಹರಿದು ಚಿಂದಿಯಾಗುತ್ತಿತ್ತು. ಈ ಮಂಡಲಕ್ಕೆ ಅದರ ಬಾಧೆ ಇಲ್ಲ.

ಒಂದು ಮಿತಿ ಆ ಸಮೀಕರಣದಲ್ಲೇ ಇದೆ. φ ಶೂನ್ಯವಾದಾಗಲೂ 180 ಡಿಗ್ರಿಯಾದಾಗಲೂ sin 2φ ಶೂನ್ಯವೇ. ಆದ್ದರಿಂದ ಮಂಡಲ ತಲೆಕೆಳಗಾದ ಹೆಜ್ಜೆಗೂ ಸಮಾಧಾನದಿಂದ ಕಚ್ಚಿಕೊಳ್ಳಬಹುದು. ಮಾತಿನಲ್ಲಿ ಇದರಿಂದ ಹಾನಿಯಿಲ್ಲ, x ಬದಲು −x ಬಂದರೂ ಕಿವಿಗೆ ಒಂದೇ. ಅಂಕಿಗಳನ್ನು ಕಳಿಸುವಾಗ ಮಾತ್ರ ಪ್ರತಿ ಸೊನ್ನೆ ಒಂದಾಗಿ, ಒಂದು ಸೊನ್ನೆಯಾಗಿ ಬರುತ್ತದೆ.

ಮುಂದಿನ ದಶಕಗಳಲ್ಲಿ ಕಿರು ಅಲೆಗಳ ಮಾತು ಒಂಟಿ ಸೈಡ್‌ಬ್ಯಾಂಡಿನ ಪಾಲಾಯಿತು. ವಿಮಾನಗಳು, ಸೇನೆಗಳು, ಹವ್ಯಾಸಿ ರೇಡಿಯೊದವರು ಅದನ್ನೇ ಹಿಡಿದರು. ಕೋಸ್ಟಾಸನ ಮಂಡಲ ಹೆಚ್ಚು ಬಳಕೆಗೆ ಬಂದದ್ದು ಅಂಕಿಗಳ ಲೋಕದಲ್ಲಿ. ಜಿಪಿಎಸ್ ಉಪಗ್ರಹದಿಂದ ಬರುವ ಸಂದೇಶವೂ ವಾಹಕದ ಚಿಹ್ನೆಯನ್ನು ತಿರುಗಿಸುತ್ತ ಬರೆದದ್ದು, ಅದನ್ನು ಓದುವ ರಿಸೀವರುಗಳು ಸಾಮಾನ್ಯವಾಗಿ ಈ ಮಂಡಲವನ್ನೇ ಬಳಸುತ್ತವೆ. ಹೆಜ್ಜೆ ನೇರವಾಗಿದೆಯೋ ತಲೆಕೆಳಗೋ ಎಂದು ತಿಳಿಯಲು ಆ ಸಂದೇಶದ ಪ್ರತಿ ಆರು ಸೆಕೆಂಡಿನ ಭಾಗದ ಆರಂಭದಲ್ಲಿ 10001011 ಎಂಬ ನಿಗದಿತ ಸಾಲು ಇರುತ್ತದೆ. ಅದು 01110100 ಎಂದು ಓದಿಬಂದರೆ ರಿಸೀವರ್ ಎಲ್ಲ ಅಂಕಿಗಳನ್ನೂ ತಿರುಗಿಸಿಕೊಂಡು ಮುಂದೆ ಓದುತ್ತದೆ.